ಮೂರೂ ಸ್ಟಾರ್ ಫಿಶ್ ಅಲ್ವೇ ಅಲ್ಲ

ಕಾರವಾರದ ಕಡಲಿಗೆ ಹೋಗಿದ್ದ ತಂಗಿ ಮಗಳು ಮೂರು ಫೋಟೋ ಕಳಿಸಿ, "ಮೂರೂ ಸ್ಟಾರ್ ಫಿಶ್ ದೊಡ್ಡಮ್ಮ" ಅಂದ್ಲು.

ಮೊದಲನೇದು ಹೌದು. ಐದು ತೋಳು, ಮಗುಚಿ ತೆಗೆದ ಫೋಟೋದಲ್ಲಿ ಪ್ರತಿ ತೋಳಲ್ಲೂ ನಡುವಿನ ಬಾಯಿಯವರೆಗೆ ಒಂದು ಸೀಳುಗೆರೆ. ಎರಡನೇದು ಯಾರೋ ಬಿಸಾಕಿದ ಒದ್ದೆ ಕಾಲ್ಚೀಲದ ಹಾಗಿತ್ತು ಕಣ್ರೇ! ತೋಳಿಲ್ಲ, ಮುಳ್ಳಿಲ್ಲ, ಮೆತ್ತಗೆ ಉದ್ದಕ್ಕೆ ಬಿದ್ಕೊಂಡಿತ್ತು. ಅದು ಕಡಲ ಸೌತೆ. ಅದರ ಬಾಯಿ ಒಂದು ತುದಿಯಲ್ಲಿರುತ್ತೆ, ಸುತ್ತಲ ಎಳೆಗಳನ್ನು ಒಳಗೆಳ್ಕೊಂಡ್ರೆ ಫೋಟೋದಲ್ಲಿ ಕಾಣೋಲ್ಲ.

ಮೂರನೇದಕ್ಕೆ ನಾನೂ ಸ್ವಲ್ಪ ತಡವರಿಸಿದೆ. ಹಪ್ಪಳದ ಹಾಗೆ ಚಪ್ಪಟೆ, ಮೇಲೆ ಐದೆಸಳಿನ ಹೂವು. ಆ ಐದನ್ನು ನೋಡಿಯೇ ಅವಳು ಸ್ಟಾರ್ ಫಿಶ್ ಅಂದಿದ್ದು. ಆದರೆ ಹೂವು ಬರೀ ಗುರುತು. ಎಸಳಲ್ಲಿರೋದು ಉಸಿರಾಟದ ಸಣ್ಣ ತೂತುಗಳ ಸಾಲು, ಅಂಚು ದುಂಡಗೆ, ತೋಳು ಹೊರಟೇ ಇಲ್ಲ. ಇದು ಸ್ಯಾಂಡ್ ಡಾಲರ್, ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್‌ನ ಚಪ್ಪಟೆ ಬಂಧು. ಅರ್ಚಿನ್‌ಗೆ ಗಟ್ಟಿ ಚಿಪ್ಪಿರುತ್ತೆ, ಚಿಪ್ಪಿನ ಮೇಲೆ ಮುಳ್ಳು. ಇದರಲ್ಲಿ ಮುಳ್ಳು ಮಖಮಲ್ಲಿನ ನವಿರಿನಷ್ಟು ಚಿಕ್ಕದು.

"ಶೋಕೇಸಿಗೆ ಅಂತ ಬ್ಯಾಗಿಗೆ ಹಾಕ್ಕೊಂಡಿದೀನಿ" ಅಂದ್ಲು. ಫೋಟೋ ದೊಡ್ಡದು ಮಾಡಿದೆ. ಸತ್ತು ಒಣಗಿದ್ರೆ ಬೋಳು, ಬಿಳಿ ಇರಬೇಕಿತ್ತು. ಇದು ಕಂದು ಬಣ್ಣ, ಅಂಚಿನ ತುಂಬ ನವಿರು. "ಜೀವ ಇರಬಹುದು ಕಣೇ, ಈಗ್ಲೇ ನೀರಿಗೆ ಬಿಡು" ಅಂದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೋ ಬಂತು: ಒದ್ದೆ ಮರಳಲ್ಲಿ ಅರ್ಧ ಹೂತ್ಕೊಂಡಿತ್ತು.