ಸೊರಬದ ಸೊನ್ನೆ

ಮಿನಿ ಪ್ರಾಜೆಕ್ಟಿಗೆ ಅಂತ ನಾವು ಮೂವರು ಎರಡು ಮಳೆಮಾಪಕ ಮಾಡಿದ್ವಿ. ಒಂದನ್ನು ಶಿಕಾರಿಪುರದ ಗೆಳೆಯನ ಮನೆ ತಾರಸಿಯಲ್ಲಿ ಇಟ್ಟೆವು, ಇನ್ನೊಂದನ್ನು ಸೊರಬದ ಹತ್ತಿರ ಅವರದೇ ಅಡಿಕೆ ತೋಟದಲ್ಲಿ. ಎರಡೂ 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತಿದ್ದವು. ಡ್ಯಾಶ್‌ಬೋರ್ಡ್ ನೋಡುತ್ತಿದ್ದವರು ಗೆಳೆಯನ ಅಪ್ಪ ಒಬ್ಬರೇ.

ಜುಲೈ ತಿಂಗಳ ಒಂದು ಬೆಳಿಗ್ಗೆ 10:30ಕ್ಕೆ ಅವರು ನೋಡಿದಾಗ ಸೊರಬ 0 ಮಿ.ಮೀ. ಅಂತಿತ್ತು. ಕೆಳಗೆ ‘ಕೊನೆಯ ಅಪ್‌ಡೇಟ್ 10:30’. ಮಳೆ ಹೊರವಾಗಿದೆ ಅಂದ್ಕೊಂಡು, ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಕೊನೆಗೌಡರನ್ನು ಕರ್ಕೊಂಡು ಹೊರಟರು. ತೋಟದಲ್ಲಿ ಬೆಳಗಿನಿಂದ ಜಡಿಮಳೆ! ಒಂದು ದಿನದ ಕೂಲಿ ದಂಡ. ‘ನಿಮ್ಮ ಸೊನ್ನೆ ನಂಬಿ ಹೋದ್ನಲ್ರೋ’ ಅಂದರು. ಬೈದಿದ್ದರೆ ವಾಸಿಯಿತ್ತು.

ಆಗಿದ್ದಿಷ್ಟು. ತೋಟದ ಮನೆಯ ಕರೆಂಟು ಹೋಗಿ ರೂಟರ್ ಸತ್ತಿತ್ತು. ಕೊನೆಗೆ ಬಂದ ಅಳತೆ 6:15ರದು. ‘ಕೊನೆಯ ಅಪ್‌ಡೇಟ್’ಗೆ ನಾವು ಬರೆದಿದ್ದು ಬರೀ `new Date()`. ಅಂದರೆ ಪೇಜು ತೆರೆದ ಹೊತ್ತು, ಮಳೆ ಅಳೆದ ಹೊತ್ತಲ್ಲ. ಹೊತ್ತೇ ಹಾಕದಿದ್ದರೆ ಅವರು ಫೋನ್ ಮಾಡಿ ಕೇಳುತ್ತಿದ್ದರು.

ಸರ್ವರಿಗೆ ಅಳತೆ ತಲುಪಿದ ಹೊತ್ತನ್ನು ಹಾಕಿದೆವು. ಅದೂ ತಪ್ಪೇ. ಮಾಪಕ ಬ್ಯಾಟರಿಯಲ್ಲಿ ಓಡುತ್ತೆ, ನೆಟ್ ಇಲ್ಲದಾಗ ಅಳತೆಗಳನ್ನು ಕೂಡಿಟ್ಟುಕೊಂಡು ಆಮೇಲೆ ಒಂದೊಂದಾಗಿ ಕಳಿಸುತ್ತೆ. 6:30ರ ಅಳತೆ ಮಧ್ಯಾಹ್ನ ಬಂದರೂ ‘ಈಗ ತಾನೇ’ ಅಂತ ತೋರಿಸುತ್ತಿತ್ತು. ಕೊನೆಗೆ ಮಾಪಕದಲ್ಲೇ ಆರ್‌ಟಿಸಿ ಗಡಿಯಾರ ಕೂರಿಸಿ, ಅಳೆದ ಹೊತ್ತನ್ನು ಅಳತೆಯ ಜೊತೆಗೇ ಕಳಿಸಿದೆವು.

```js
const age = serverNow - measuredAt;
const stale = age > 35 * 60 * 1000;
```

35 ನಿಮಿಷ ಅಂದರೆ ಸತತ ಎರಡು ಅಳತೆ ತಪ್ಪಿ, ಮೇಲೆ ಐದು ನಿಮಿಷ. ಒಂದೇ ತಪ್ಪಿದರೆ ನೆಟ್‌ವರ್ಕ್ ಕಾಟ ಇರಬಹುದು, ಅದಕ್ಕೆಲ್ಲ ಕೂಗಿದರೆ ಯಾರೂ ನಂಬಲ್ಲ. ಲೆಕ್ಕ ಎರಡೂ ಊರಿಗೆ ಬೇರೆ ಬೇರೆ. ಒಂದೇ ಹೊತ್ತು ತೋರಿಸಿದರೆ ಶಿಕಾರಿಪುರದ ತಾಜಾ ಅಳತೆ ಸೊರಬದ ಮೌನವನ್ನು ಮುಚ್ಚಿಬಿಡುತ್ತೆ. ನೋಡುವವರ ನೆಟ್ಟೇ ಹೋಗಿರಬಹುದು. ಅದಕ್ಕೇ ಪೇಜು ಸರ್ವರಿನಿಂದ ಒಮ್ಮೆ ಗಂಟೆ ಪಡೆದು, ಆಮೇಲೆ ನಿಮಿಷಕ್ಕೊಮ್ಮೆ ತಾನೇ ವಯಸ್ಸು ಎಣಿಸುತ್ತೆ.

ಈಗ ಹಳಸಿದರೆ ಸೊನ್ನೆ ಮಾಯ. ಆ ಜಾಗದಲ್ಲಿ ‘6:15ರ ನಂತರ ಮಾಹಿತಿ ಇಲ್ಲ’ ಅಂತ ಬರುತ್ತೆ. ಮಳೆ ಇಲ್ಲದಾಗಲೂ ಮಾಪಕ ಸೊನ್ನೆ ಕಳಿಸಲೇಬೇಕು. ಕಳಿಸದಿದ್ದರೆ ಒಣ ದಿನಕ್ಕೂ ಕೆಟ್ಟ ಮಾಪಕಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಒಂದು ಮಾತ್ರ ಈ ಕೋಡಿಗೆ ಸಿಗಲ್ಲ. ಆಲಿಕೆಯಲ್ಲಿ ಎಲೆ ಕಟ್ಟಿಕೊಂಡರೆ ಮಾಪಕ ತಾಜಾ ಸೊನ್ನೆಯನ್ನೇ ಕಳಿಸುತ್ತಿರುತ್ತೆ. ಅದಕ್ಕೆ ಗೆಳೆಯನ ಅಪ್ಪ ವಾರಕ್ಕೊಮ್ಮೆ ತಾವೇ ಹೋಗಿ ಎಲೆ ತೆಗೀತಾರೆ.