ಕಂತಿಗೆ ಎಷ್ಟು ಅಡಿಕೆ?

2017ರಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟ್ ತೆಗೆದುಕೊಂಡೆ ಅಂದಾಗ, ಬಂಟ್ವಾಳದ ಮನೆಯಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದ ಅಪ್ಪ ಕೇಳಿದ್ದು ಒಂದೇ ಮಾತು: "ತಿಂಗಳಿಗೆ ಎಷ್ಟು ಕಿಲೋ ಅಡಿಕೆ ಆಯ್ತು ಮಾರಾಯ?"

ಸಾಲ 30 ಲಕ್ಷ, ಬಡ್ಡಿ ಶೇ. 8.5, ಅವಧಿ 20 ವರ್ಷ. ಕಂತು 26,035 ರೂಪಾಯಿ. ಕಿಲೋಗೆ 250ರ ಲೆಕ್ಕದಲ್ಲಿ 104 ಕಿಲೋ. ಅಪ್ಪ ತಲೆಗೆ ಕೈ ಹಚ್ಚಿದರು. ಧಾರಣೆ 400 ಆದರೆ ಅದೇ ಕಂತಿಗೆ 65 ಕಿಲೋ ಸಾಕು ಅಂತ ಸಮಾಧಾನ ಹೇಳಿದೆ.

ನನ್ನ ಅಡಿಕೆ ಅಂದರೆ ಸಂಬಳ. ಆಗ ಕೈಗೆ ಬರುತ್ತಿದ್ದದ್ದು 65,000, ಅದರಲ್ಲಿ ಶೇ. 40 ಕಂತಿಗೇ ಹೋಗುತ್ತಿತ್ತು. ಸಂಬಳ ವರ್ಷಕ್ಕೆ ಶೇ. 7ರಂತೆ ಏರಿದರೆ ಹತ್ತು ವರ್ಷದಲ್ಲಿ ಅದು ಶೇ. 20 ಆಗುತ್ತದೆ. ಸಂಬಳ ಬೆಲೆಗಳಷ್ಟೇ ಏರಿದರೂ ಭಾರ ಇಳಿಯುತ್ತದೆ, ಏಕೆಂದರೆ ಕಂತು ಮಾತ್ರ ಏರುವುದಿಲ್ಲ. ಆದರೆ ಬೆಲೆ ಏರಿ ಸಂಬಳ ನಿಂತರೆ ಹಣದುಬ್ಬರ ಸಾಲಗಾರನ ಗೆಳೆಯನಲ್ಲ. ಅಕ್ಕಿ, ಸ್ಕೂಲ್ ಫೀಸು ಎಲ್ಲ ಕಳೆದು ಕಂತಿಗೆ ಉಳಿಯುವುದೇ ಕಡಿಮೆಯಾಗುತ್ತದೆ.

ಇನ್ನೊಂದು ಪೆಟ್ಟು ನನಗೆ ತಡವಾಗಿ ಗೊತ್ತಾಯಿತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ನನ್ನದು ಬದಲಾಗುವ ಬಡ್ಡಿಯ ಸಾಲ. ಕಂತು ಅಷ್ಟೇ ಇತ್ತು, ಉಳಿದ ಕಂತುಗಳ ಸಂಖ್ಯೆ ಮಾತ್ರ ಹಿಗ್ಗಿತ್ತು. ಸಾಲದ ಮೊದಲ ತಿಂಗಳಲ್ಲಿ ಬಡ್ಡಿಯೇ 21,250, ಅಸಲಿಗೆ 4,785 ಮಾತ್ರ. ಆಗಲೇ ದರ ಶೇ. 10.5 ಆಗಿದ್ದರೆ ಬಡ್ಡಿ 26,250; ಕಂತು ಅದಕ್ಕೂ ಸಾಲುತ್ತಿರಲಿಲ್ಲ.

ಈಗ ಸ್ಟೇಟ್‌ಮೆಂಟಿನಲ್ಲಿ ಮೊದಲು ನೋಡುವುದು ಉಳಿದ ಕಂತುಗಳ ಸಂಖ್ಯೆಯನ್ನೇ. ಸಂಬಳ ಏರಿದ ವರ್ಷ ಕಂತನ್ನೂ ಸ್ವಲ್ಪ ಏರಿಸುತ್ತೇನೆ. ಅಪ್ಪ ಈಗಲೂ ಕಿಲೋದಲ್ಲೇ ಕೇಳುತ್ತಾರೆ.