ಎಲ್ಲಿಯೋ, ಅಲ್ಲಿಯೋ: ಕಿವಿಗೆ ಪಾಠ ಮಾಡಿದ ಎರಡು ವಾರ

ಬೋಧನಾಭ್ಯಾಸದ ಎರಡನೆಯ ವಾರ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ ವಿದ್ಯುದಾವೇಶದ ಪಾಠ ಮಾಡುತ್ತಿದ್ದೆ. ಕೊನೆಯಲ್ಲಿ ಸಾರಾಂಶವನ್ನು ಉಕ್ತಲೇಖನವಾಗಿ ಕೊಟ್ಟೆ. ಒಬ್ಬ ಹುಡುಗ ‘ಧನ ಆವೇಶ’ ಎಂಬಲ್ಲೆಲ್ಲ ‘ದನ ಆವೇಶ’ ಎಂದು ಬರೆದಿದ್ದ. ನಾನು ಅದನ್ನು ಗಟ್ಟಿಯಾಗಿ ಓದಿಬಿಟ್ಟೆ. ತರಗತಿ ನಕ್ಕಿತು. “ಸರಿಯಾಗಿ ಕೇಳಿಸಿಕೊಂಡು ಬರಿಯೋ” ಎಂದೆ. ಮರುದಿನದಿಂದ ಅವನು ಕೈ ಎತ್ತಲಿಲ್ಲ.

ಅದೇ ದಿನಗಳಲ್ಲಿ ನಾನೂ ಒಂದು ಪರೀಕ್ಷೆಗೆ ಓದುತ್ತಿದ್ದೆ. ಅದು ಮ್ಯಾಂಡರಿನ್ ಚೀನೀ ಭಾಷೆಯ ಆರಂಭದ ಪರೀಕ್ಷೆ, ಎಚ್‌ಎಸ್‌ಕೆ ಒಂದನೇ ಹಂತ. ನಾನು ಅಭ್ಯಾಸ ಮಾಡಿದ ಮಾದರಿ ಪತ್ರಿಕೆಯಲ್ಲಿ 40 ಪ್ರಶ್ನೆಗಳಿದ್ದವು. ಅರ್ಧ ಕೇಳುವುದಕ್ಕೆ, ಅರ್ಧ ಓದುವುದಕ್ಕೆ. ಒಟ್ಟು 200 ಅಂಕ, ಪಾಸಾಗಲು 120. ಅಕ್ಷರಗಳ ಜೊತೆಯಲ್ಲೇ ಪಿನ್‌ಯಿನ್, ಅಂದರೆ ಚೀನಾ 1958ರಲ್ಲಿ ಅಂಗೀಕರಿಸಿದ ರೋಮನ್ ಲಿಪಿಯ ಉಚ್ಚಾರಣಾ ಬರಹ, ಅಚ್ಚಾಗಿರುತ್ತದೆ. ಹಾಗಾಗಿ ಓದುವ ಭಾಗ ನನಗೆ ಹಗುರವಾಗಿತ್ತು. ಕೇಳುವ ಭಾಗದಲ್ಲಿ ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳಿಸಿದರೂ ಅಂಕ ಏರಲಿಲ್ಲ.

ಮಲ್ಲೇಶ್ವರದಲ್ಲಿರುವ ಚಿಕ್ಕಮ್ಮನ ಮಗಳು, ನನಗೆ ಅಕ್ಕ, ಈ ಪರೀಕ್ಷೆ ಮುಗಿಸಿದವಳು. ಶನಿವಾರ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಅವಳ ಮನೆಗೆ ಹೋದೆ. ನಾನು ಪುಸ್ತಕ ತೆರೆದಿಟ್ಟುಕೊಂಡು ಧ್ವನಿಮುದ್ರಿಕೆ ಕೇಳುವುದನ್ನು ಸ್ವಲ್ಪ ಹೊತ್ತು ನೋಡಿ, “ನೀನು ಕಣ್ಣಲ್ಲಿ ಓದ್ತಾ ಇದ್ದೀಯ ಕಣೋ, ಕೇಳ್ತಾ ಇಲ್ಲ” ಎಂದು ಪುಸ್ತಕ ಮುಚ್ಚಿಸಿದಳು.

ಅವಳು ಆರಿಸಿಕೊಂಡದ್ದು ಎರಡೇ ವಾಕ್ಯ. Tā zài nǎr ಎಂದರೆ ‘ಅವನು ಎಲ್ಲಿದ್ದಾನೆ’. Tā zài nàr ಎಂದರೆ ‘ಅವನು ಅಲ್ಲಿದ್ದಾನೆ’. ಕನ್ನಡದ ‘ಎಲ್ಲಿ’, ‘ಅಲ್ಲಿ’ಗಳನ್ನು ಮೊದಲ ಸ್ವರಾಕ್ಷರ ಬೇರೆ ಮಾಡುತ್ತದೆ. ಚೀನೀ ಭಾಷೆಯಲ್ಲಿ ಅಕ್ಷರಗಳೆಲ್ಲ ಒಂದೇ, ದನಿಯ ಎತ್ತರ ಮಾತ್ರ ಬೇರೆ. ಈ ಎತ್ತರದ ನಡೆಯೇ ಟೋನ್. ಅಂಥವು ನಾಲ್ಕು. ಒಂದನೆಯದು ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ, ಎರಡನೆಯದು ನಡುವಿನಿಂದ ಏರುತ್ತದೆ, ಮೂರನೆಯದು ತಗ್ಗಿನಲ್ಲಿರುತ್ತದೆ, ನಾಲ್ಕನೆಯದು ಎತ್ತರದಿಂದ ಥಟ್ಟನೆ ಬೀಳುತ್ತದೆ. ಇವಲ್ಲದೆ ಒತ್ತಿಲ್ಲದ, ಗುರುತಿಲ್ಲದ ಹಗುರ ಉಚ್ಚಾರಣೆಯೂ ಉಂಟು. ಮೇಲಿನ ಮಾತಿನಲ್ಲಿ ‘ಎಲ್ಲಿ’ ಮೂರನೆಯ ಟೋನ್, ‘ಅಲ್ಲಿ’ ನಾಲ್ಕನೆಯದು.

ಅಕ್ಕ ನನಗೆ ತೋರಿಸದೆ ಎರಡನ್ನೂ ಹತ್ತತ್ತು ಸಲ, ಕ್ರಮ ತಪ್ಪಿಸಿ ಕೇಳಿಸಿದಳು. ಇಪ್ಪತ್ತರಲ್ಲಿ 11 ಸರಿ. ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ಸುಮಾರು ಅಷ್ಟೇ ಬರುತ್ತಿತ್ತು. ಆದರೆ ಅವಳು ಮೊತ್ತಕ್ಕೆ ನಿಲ್ಲದೆ ತಪ್ಪುಗಳನ್ನು ಬಿಡಿಸಿ ಬರೆದಳು. ಹತ್ತು ‘ಅಲ್ಲಿ’ಗಳಲ್ಲಿ ಒಂಬತ್ತು ಸರಿ, ಹತ್ತು ‘ಎಲ್ಲಿ’ಗಳಲ್ಲಿ ಎರಡೇ ಸರಿ. ನಾನು ಊಹೆ ಮಾಡುತ್ತಿರಲಿಲ್ಲ. ಹೆಚ್ಚುಕಡಿಮೆ ಎಲ್ಲವನ್ನೂ ‘ಅಲ್ಲಿ’ ಎಂದೇ ಕೇಳುತ್ತಿದ್ದೆ.

ಕಾರಣ ನನ್ನ ಕನ್ನಡದ ಕಿವಿ. ನಾವು ‘ಬಂದ’ ಎಂಬುದನ್ನೇ ಕೊನೆಯಲ್ಲಿ ಏರಿಸಿ ಹೇಳಿದರೆ ಪ್ರಶ್ನೆ, ಇಳಿಸಿದರೆ ಉತ್ತರ. ‘ಹೌದಾ’ ಎಂಬ ಒಂದೇ ಮಾತಿನಲ್ಲಿ ಆಶ್ಚರ್ಯ, ಅನುಮಾನ, ಕುಹಕ ಎಲ್ಲವನ್ನೂ ತೋರಿಸುತ್ತೇವೆ. ದನಿಯ ಏರಿಳಿತ ನಮಗೆ ಭಾವಕ್ಕೆ ಸೇರಿದ್ದು, ಪದಕ್ಕಲ್ಲ. ಅದಕ್ಕೇ ನಾನು ವಾಕ್ಯದ ತುದಿಗೆ ಕಿವಿಕೊಟ್ಟು, ಏರಿಕೆ ಸಿಗದಿದ್ದಾಗ ‘ಇದು ಉತ್ತರ’ ಎಂದುಕೊಳ್ಳುತ್ತಿದ್ದೆ. ಪಠ್ಯಪುಸ್ತಕದ ಚಿತ್ರವೂ ದಾರಿ ತಪ್ಪಿಸಿತ್ತು. ಯುಯೆನ್ ರೆನ್ ಚಾವ್ 1930ರಲ್ಲಿ ರೂಪಿಸಿದ ಐದು ಮೆಟ್ಟಿಲ ಅಳತೆಯಲ್ಲಿ ಮೂರನೆಯ ಟೋನನ್ನು 214 ಎಂದು ಬರೆಯುತ್ತಾರೆ, ಅಂದರೆ ಇಳಿದು ಮತ್ತೆ ಏರುವುದು. ಒಂಟಿ ಪದವನ್ನು ನಿಧಾನವಾಗಿ ಹೇಳಿದಾಗ ಅದು ನಿಜ. ಮಾತಿನ ಓಟದಲ್ಲಿ ಆ ಏರಿಕೆ ಬಹಳ ಸಲ ಇರುವುದೇ ಇಲ್ಲ, ದನಿ ತಳದಲ್ಲೇ ಉಳಿಯುತ್ತದೆ.

“ತುದಿ ಬಿಡು, ಆರಂಭ ಕೇಳು” ಎಂದಳು ಅಕ್ಕ. ಎರಡೂ ವಾಕ್ಯಗಳಲ್ಲಿ ಹಿಂದಿನ ಪದ zài ಎತ್ತರದಿಂದ ಬೀಳುತ್ತದೆ. ‘ಅಲ್ಲಿ’ ಹೇಳಬೇಕಾದರೆ ದನಿ ಮತ್ತೆ ಮೇಲಕ್ಕೆ ಹಾರಿ ಇನ್ನೊಮ್ಮೆ ಬೀಳಬೇಕು. ‘ಎಲ್ಲಿ’ಗೆ ಆ ಹಾರಿಕೆ ಇಲ್ಲ. ಬಿದ್ದಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ತಳದಲ್ಲಿ ಗಂಟಲು ಗರಗರ ಎನ್ನುತ್ತದೆ. ಈಗ ನನ್ನ ಕೆಲಸ ಒಂದೇ ಪ್ರಶ್ನೆಗೆ ಇಳಿಯಿತು: ಹಾರಿತೋ, ಇಲ್ಲವೋ? ದಿನಕ್ಕೆ ಹತ್ತು ನಿಮಿಷ, ಪುಸ್ತಕ ಮುಚ್ಚಿ, ಉತ್ತರ ಬರೆದ ಕೂಡಲೇ ಸರಿತಪ್ಪು ನೋಡಿಕೊಂಡು ಅಭ್ಯಾಸ ಮಾಡಿದೆ. ಎರಡು ವಾರಕ್ಕೆ ಇಪ್ಪತ್ತರಲ್ಲಿ 18 ಬಂತು.

ಗೆದ್ದೆ ಎಂದುಕೊಂಡಾಗ ಅಕ್ಕ ಬೇರೊಬ್ಬರ ಧ್ವನಿಮುದ್ರಿಕೆ ಹಾಕಿದಳು. 14ಕ್ಕೆ ಇಳಿದೆ. ಅಷ್ಟು ದಿನ ಕೇಳಿದ್ದು ಒಬ್ಬ ಹೆಂಗಸಿನ ದನಿ, ಇದು ಗಂಡಸಿನದು. ಅವನ ‘ಎತ್ತರ’ ಅವಳ ‘ತಗ್ಗಿ’ಗಿಂತ ಕೆಳಗಿತ್ತು. ಟೋನಿನ ಎತ್ತರಕ್ಕೆ ಸ್ಥಿರವಾದ ಅಳತೆ ಇಲ್ಲ. ಹಾಡುಗಾರರು ತಮ್ಮ ತಮ್ಮ ಶ್ರುತಿಗೆ ಷಡ್ಜ ಇಟ್ಟುಕೊಳ್ಳುವ ಹಾಗೆ ಪ್ರತಿಯೊಬ್ಬರ ದನಿಗೂ ಅದರದೇ ತಳ, ಅದರದೇ ತುದಿ. ಆಮೇಲೆ ನಾಲ್ಕೈದು ದನಿಗಳನ್ನು ಬೆರೆಸಿ ಕೇಳತೊಡಗಿದೆ. ಅಂಕ ನಿಧಾನವಾಗಿ ಏರಿತು, ಆದರೆ ಹೊಸ ದನಿ ಬಂದಾಗ ಹಿಂದಿನಷ್ಟು ಕುಸಿಯಲಿಲ್ಲ.

ಈ ನಡುವೆ ಪಿನ್‌ಯಿನ್ ಇನ್ನೊಂದು ವಿಷಯ ಕಲಿಸಿತ್ತು. ಅದರ b, p ಅಕ್ಷರಗಳನ್ನು ಇಂಗ್ಲಿಷಿನಂತೆ ಓದಬಾರದು. b ಹೆಚ್ಚುಕಡಿಮೆ ನಮ್ಮ ‘ಪ’, p ಉಸಿರು ತುಂಬಿದ ಮಹಾಪ್ರಾಣ ‘ಫ’. ಅಲ್ಪಪ್ರಾಣ, ಮಹಾಪ್ರಾಣ ಎಂದ ಕೂಡಲೇ ಆ ಹುಡುಗ ನೆನಪಾದ. ಅವನಿಗೆ ನಾನು ಹೇಳಿದ್ದು “ಸರಿಯಾಗಿ ಕೇಳಿಸಿಕೋ” ಎಂದಷ್ಟೇ. ಎಲ್ಲಿ ಕೇಳಬೇಕೆಂದು ಹೇಳಿರಲಿಲ್ಲ.

ಮುಂದಿನ ಸೋಮವಾರ ಊಟದ ಬಿಡುವಿನಲ್ಲಿ ಅವನನ್ನು ಕರೆದೆ. ಮೊದಲು ನಕ್ಕಿದ್ದಕ್ಕೆ ತಪ್ಪಾಯಿತು ಎಂದೆ. ಆಮೇಲೆ ಬಾಯಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು ‘ದನ’, ‘ಧನ’ ಹೇಳಲು ಹೊರಟೆ. ಕಾಗದ ಎರಡಕ್ಕೂ ಒಂದೇ ರೀತಿ ಅಲ್ಲಾಡಿತು. ನನ್ನ ಬಾಯಲ್ಲೇ ಉಸಿರು ಇರಲಿಲ್ಲ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕಿಯನ್ನು, ನನ್ನ ಉಚ್ಚಾರಣೆ ಗುರುತಿಸಿಕೊಳ್ಳಿ ಮೇಡಂ ಎಂದು ಕೇಳಿಕೊಂಡೆ. ನಾನು ಹೇಳಿದ ಹತ್ತು ‘ಧ’ಗಳಲ್ಲಿ ಅವರಿಗೆ ‘ಧ’ ಎಂದು ಕೇಳಿದ್ದು ನಾಲ್ಕು. ಹುಡುಗ ತಾನು ಕೇಳಿದ್ದನ್ನೇ ಬರೆದಿದ್ದ.

ನನ್ನ ಉಚ್ಚಾರಣೆ ತಿದ್ದಿಕೊಳ್ಳಲು ಮೂರು ದಿನ ಬೇಕಾಯಿತು. ನಂತರ ಅವನು ಬೆನ್ನು ತಿರುಗಿಸಿ ನಿಂತ, ‘ದ’ಕ್ಕೆ ಒಂದು ಬೆರಳು, ‘ಧ’ಕ್ಕೆ ಎರಡು. ಮೊದಲ ದಿನ ಹತ್ತರಲ್ಲಿ ಏಳು, ವಾರದ ಕೊನೆಗೆ ಒಂಬತ್ತು. ಒಂಬತ್ತು ಬಂದ ದಿನ, “ಈಗ ನೀವು ತಿರುಗಿ ನಿಲ್ಲಿ ಸಾರ್, ನಾನು ಹೇಳ್ತೀನಿ” ಎಂದ. ನನಗೆ ಎಂಟು ಬಂತು. ಮರುದಿನದ ಪಾಠದಲ್ಲಿ ಋಣ ಆವೇಶದ ಪ್ರಶ್ನೆಗೆ ಅವನ ಕೈ ಮೇಲಿತ್ತು.